ದಿಯೊಲಿಂಡಾಳ ಶುಕ್ರವಾರ

ಮೂವತ್ತಾರು ವರ್ಷ ಒಂದೇ ಮೇಜಿನ ಮುಂದೆ ಕೂತ ಹೆಂಗಸಿನ ಬಗ್ಗೆ ಬರೆಯಬೇಕಾದದ್ದನ್ನು, ಆ ಮೇಜನ್ನು ಒಮ್ಮೆಯೂ ನೋಡದ ಯಾರೋ ಪೋರ್ಟೊ ಪಟ್ಟಣದಲ್ಲಿ ಕೂತು ಬರೆದು ಕಳಿಸಿದ್ದರು. ನೇಲಿಯೊ ಅದನ್ನು ಫೋರ್ಕ್‌ಲಿಫ್ಟಿನ ಮೇಲೆ ಕೂತೇ ಓದಿದ.

"ನಮ್ಮ ಸಂಸ್ಥೆಯ ಹೃದಯ. ಸಮರ್ಪಣೆಯ ಇನ್ನೊಂದು ಹೆಸರು. ನಗುಮೊಗದ ದಿಯೊಲಿಂಡಾ! ಮೂವತ್ತಾರು ವರ್ಷಗಳಲ್ಲಿ ಇವರ ಕೈಯಿಂದ ಹೋದ ಒಂದೇ ಒಂದು ಬೂಚೂ ಹಿಂದಿರುಗಿ ಬಂದಿಲ್ಲ."

ಓದಿ ಮುಗಿಸಿ ಫೋನನ್ನು ಜೇಬಿಗೆ ತುರುಕಿದ. ನಗುಮೊಗವಂತೆ. ದಿಯೊಲಿಂಡಾ ನಕ್ಕಿದ್ದನ್ನು ಅವನು ಈ ನಾಲ್ಕು ವರ್ಷದಲ್ಲಿ ಎರಡು ಸಲ ನೋಡಿದ್ದ. ಒಂದು ಸಲ ಅವನೇ ಒದ್ದೆ ನೆಲದಲ್ಲಿ ಜಾರಿ ಬಿದ್ದಾಗ.

ಅರ್ಮಿಂಡೊ ತವಾರಿಸ್ ಮತ್ತು ಮಗ ಎಂಬ ಆ ಕಾರ್ಖಾನೆಯಲ್ಲಿ ಹದಿನಾಲ್ಕು ಜನ. ಕೆಲಸ ವೈನ್ ಬಾಟಲಿಯ ಬೂಚು ಮಾಡುವುದು. ಮರದ ತೊಗಟೆ ದಕ್ಷಿಣದಿಂದ ಲಾರಿಯಲ್ಲಿ ಬರುತ್ತದೆ. ಅದನ್ನು ಕುದಿಸಿ, ಪಟ್ಟಿ ಕತ್ತರಿಸಿ, ಕೊಳವೆಯಂಥ ಬ್ಲೇಡಿನಲ್ಲಿ ಬೂಚು ಕೊರೆದು, ತೊಳೆದು, ಒಣಗಿಸಿ, ಗುಣ ನೋಡಿ ಆರಿಸಿ ಕಳಿಸುತ್ತಾರೆ. ಫೆಯ್ರಾ ಪಟ್ಟಣದ ಸುತ್ತಮುತ್ತ ಇಂಥವು ಬೀದಿಗೊಂದು. ದೊಡ್ಡ ಕಂಪನಿಗಳು ಚಿಕ್ಕವನ್ನು ನುಂಗುತ್ತಿದ್ದ ಕಾಲ. ನಾವಿನ್ನೂ ಇದ್ದೇವೆ ಎಂದು ಊರಿಗೂ ಗಿರಾಕಿಗಳಿಗೂ ತೋರಿಸಬೇಕೆಂದು ಯಜಮಾನ ಹೊರಾಸಿಯೊ ಫೇಸ್‌ಬುಕ್ ಪುಟ ತೆರೆದಿದ್ದ. ಪ್ರತಿ ಶುಕ್ರವಾರ ಒಬ್ಬ ಕೆಲಸಗಾರರ ಪರಿಚಯ. ಫೋನಿನಲ್ಲಿ ಫೋಟೊ ಚೆನ್ನಾಗಿ ತೆಗೆಯುತ್ತಾನೆಂದು ಅದನ್ನು ನೇಲಿಯೊನ ತಲೆಗೆ ಕಟ್ಟಿದ್ದ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವನು ಬರೆಯುವುದೂ ಉಂಟೆಂದು ಯಾರೂ ಯೋಚಿಸಿರಲಿಲ್ಲ, ನೇಲಿಯೊ ಕೂಡ.

ಮೊದಲ ಶುಕ್ರವಾರ ತೊಗಟೆ ಕುದಿಸುವ ಜೆಫೆರೀನೊನ ಬಗ್ಗೆ ಬರೆದ. "ಜೆಫೆರೀನೊ ಗಡಿಯಾರ ನೋಡುವುದಿಲ್ಲ. ನೀರು ಚಹಾದ ಬಣ್ಣಕ್ಕೆ ತಿರುಗಿತೆಂದರೆ ತೊಗಟೆ ಎತ್ತುತ್ತಾನೆ. ಬೆಳಗ್ಗೆ ಯಾರಾದರೂ ಮಾತಾಡಿಸಿದರೆ ಒಂಬತ್ತು ಗಂಟೆಗೆ ಉತ್ತರ ಕೊಡುತ್ತಾನೆ." ಊರೆಲ್ಲ ಓದಿ ನಕ್ಕಿತು. ಜೆಫೆರೀನೊನ ಹೆಂಡತಿ ಕೆಳಗೆ ಬರೆದಳು: "ಮನೇಲಿ ಹತ್ತು ಗಂಟೆಗೆ." ಪೆಟ್ಟಿಗೆಗಟ್ಟಲೆ ವಿಶೇಷಣ ಸುರಿದಿದ್ದರೆ ಅವಳು ಬರೆಯುತ್ತಿದ್ದಳೇ?

ಆದರೆ ದಿಯೊಲಿಂಡಾ ಎಲ್ಲರಿಗಿಂತ ಹಳಬಳು. ಈ ಸಲ ತಮಾಷೆ ಬೇಡ ಎಂದು ಹೊರಾಸಿಯೊ ಮಾರ್ಕೆಟಿಂಗ್ ಓದಿ ಪೋರ್ಟೊದಲ್ಲಿದ್ದ ತನ್ನ ಸೋದರ ಸೊಸೆಯ ಕೈಯಲ್ಲಿ ಬರೆಸಿದ್ದ. ಫೋಟೊ ತೆಗೆದು ಪುಟಕ್ಕೆ ಏರಿಸಿದರೆ ಸಾಕು ಎಂದು ನೇಲಿಯೊಗೆ ಅಪ್ಪಣೆಯಾಗಿತ್ತು.

ಅವನು ಫೋನು ಹಿಡಿದು ಆರಿಸುವ ಕೋಣೆಗೆ ಹೋದ. ದಿಯೊಲಿಂಡಾ ಉತ್ತರದ ಕಿಟಕಿಗೆ ಎಡಭುಜ ಕೊಟ್ಟು ಕೂತಿದ್ದಳು. ಮುಂದೆ ಬೂಚಿನ ರಾಶಿ, ಸುತ್ತ ದರ್ಜೆಗೊಂದರಂತೆ ಐದು ಬುಟ್ಟಿ. ಒಂದು ಬೂಚನ್ನು ಎತ್ತಿ ಹೆಬ್ಬೆರಳಲ್ಲಿ ಒಂದು ಸುತ್ತು ಉರುಳಿಸಿದರೆ ಮೈಯೂ ಎರಡು ತುದಿಯೂ ಕಣ್ಣಿಗೆ ಬಿದ್ದಂತೆ. ಬೂಚು ಅದರ ಬುಟ್ಟಿಗೆ ಹಾರುತ್ತಿತ್ತು. ಬುಟ್ಟಿಯ ಕಡೆ ಅವಳು ನೋಡುತ್ತಲೇ ಇರಲಿಲ್ಲ.

"ದೋನಾ ದಿಯೊಲಿಂಡಾ, ಸ್ವಲ್ಪ ಇತ್ಲಾಗೆ ನೋಡಿ."

"ನೋಡಲ್ಲ. ಕೈದು ತೆಗಿ ಫೋಟೊ. ಮುಖ ಊರೆಲ್ಲ ನೋಡಿದೆ."

ಅವನು ಕೈಯದ್ದೇ ತೆಗೆದ. ತೆಗೆಯುತ್ತ ಪ್ರಶ್ನೆ ಕೇಳಿದ, ಯಾರೂ ಕೇಳು ಎಂದಿರದಿದ್ದರೂ. ಅವಳು ಕೈ ನಿಲ್ಲಿಸದೆ ಉತ್ತರ ಕೊಟ್ಟಳು. ಹತ್ತೊಂಬತ್ತನೇ ವಯಸ್ಸಿಗೆ ಸೇರಿದ್ದು. ಬೂಚು ಮೂಸಿ ನೋಡುವ ದಿನ ಕಾಫಿ ಕುಡಿಯುವುದಿಲ್ಲ, ವಾಸನೆ ಸೋಪು ಹಚ್ಚುವುದಿಲ್ಲ, ಪಾತ್ರೆ ತೊಳೆಯುವ ಬಿಳಿ ಸೋಪೇ ಮೈಗೂ. ಗಂಡನಿಗೆ ಮದುವೆಯ ಮೂರನೇ ವಾರವೇ ಸೆಂಟು ಬಿಡಿಸಿದ್ದು. ರೇಡಿಯೊದಲ್ಲಿ ಹಾಡು ಬಂದರೆ ಸರಿ, ಮಾತು ಬಂದರೆ ಲೆಕ್ಕ ತಪ್ಪುತ್ತದೆಂದು ಬಂದ್ ಮಾಡುವುದು.

"ಮೂಸೋದು ಈಗಲೂ ನೀವೇನಾ? ಲ್ಯಾಬಿನ ಯಂತ್ರ ಬಂತಲ್ಲ?"

"ಯಂತ್ರಕ್ಕೆ ಕಳಿಸೋ ಮುಂಚೆ ನಾನು. ಇಪ್ಪತ್ತು ಜಾಡಿ, ಒಂದೊಂದರಲ್ಲೂ ಬೂಚು ನೆನೆಹಾಕಿ ಒಂದು ದಿನ ಮುಚ್ಚಿಡೋದು. ಮುಚ್ಚಳ ತೆಗೆದು ಮೂಗು. ಒದ್ದೆ ಗೋಣಿತಟ್ಟು ಮೂಲೆಯಲ್ಲಿ ಕೊಳೆತ ವಾಸನೆ ಬಂತೋ, ಆ ಲಾಟು ಹೊರಗೆ. ಅಂಥ ಬೂಚು ಹಾಕಿದ್ರೆ ವೈನು ಕುಡಿಯೋನು ಬೈಯೋದು ವೈನಿನೋನಿಗೆ, ವೈನಿನೋನು ಬೈಯೋದು ನಮಗೆ."

"ಸರಿ, ಪೋರ್ಟೊದವರು ಏನು ಬರೆದಿದಾರೆ ಓದ್ತೀನಿ ಕೇಳಿ. ನಿಮ್ಮನ್ನ ಹೃದಯ ಮಾಡಿದಾರೆ."

"ಯಾವುದರ ಹೃದಯ?"

"ಸಂಸ್ಥೆಯದು."

"ಅಯ್ಯೋ, ಮೊಣಕಾಲು ಅಂತ ಬರಿ, ಅದೇ ನೋಯೋದು."

ಅವನು ಓದಿದ. ಸಮರ್ಪಣೆಗೆ ಅವಳು ಮೂಗಿನಿಂದ ಗಾಳಿ ಬಿಟ್ಟಳು. ನಗುಮೊಗಕ್ಕೆ ಎದುರು ಮೇಜಿನ ಹೆಂಗಸು ಕೆಮ್ಮಿದಳು. ಕೊನೆಯ ವಾಕ್ಯ ಬಂತು, ಒಂದೇ ಒಂದು ಬೂಚೂ ಹಿಂದಿರುಗಿ ಬಂದಿಲ್ಲ. ದಿಯೊಲಿಂಡಾಳ ಕೈ ನಿಂತಿತು. ಬೂಚು ಬೆರಳ ನಡುವೆಯೇ ಇತ್ತು, ಯಾವ ಬುಟ್ಟಿಗೂ ಹೋಗಲಿಲ್ಲ.

"ಅದನ್ನ ತೆಗಿ."

"ಯಾಕೆ? ಅದೊಂದೇ ಸ್ವಲ್ಪ ಕೇಳೋ ಹಾಗಿದೆ."

"ಸುಳ್ಳು ಅದು. ತೆಗಿ." ಬೂಚನ್ನು ರಾಶಿಗೇ ಹಾಕಿ, "ಊಟಕ್ಕೆ ಬಿಟ್ಟಾಗ ಹಿಂದಿನ ಗೋದಾಮಿಗೆ ಬಾ, ಹೇಳ್ತೀನಿ. ಇವಳ ಮುಂದೆ ಬೇಡ, ಇವಳ ಕಿವಿ ಉದ್ದ."

"ನನ್ನ ಕಿವಿ ಏನು ಮಾಡಿತು?" ಎಂದಳು ಎದುರಿನವಳು.

ಗೋದಾಮಿನಲ್ಲಿ ತೊಗಟೆಯ ಕಟ್ಟುಗಳ ಮೇಲೆ ಕೂತು ಇಬ್ಬರೂ ಡಬ್ಬಿ ಬಿಚ್ಚಿದರು. ಅವಳದು ಎಲೆಕೋಸಿನ ಸಾರು, ಮುಸುಕಿನ ಜೋಳದ ಬ್ರೆಡ್ಡು. ನೇಲಿಯೊನದು ಬೀದಿ ಕೊನೆಯ ಅಂಗಡಿಯ ಮಾಂಸದ ಬನ್ನು. ಅವಳು ಸಾರಿಗೆ ಚಮಚ ಹಾಕದೆ ಮಾತು ಶುರು ಮಾಡಿದಳು.

"ತೊಂಬತ್ತೆಂಟನೇ ಇಸವಿ. ಆಗ ಯಂತ್ರಗಿಂತ್ರ ಇಲ್ಲ, ಮೂಗೇ ಎಲ್ಲ. ಬೈರಾದಾ ಕಡೆಯ ವೈನಿನವರಿಗೆ ಹನ್ನೊಂದು ಮೂಟೆ ಹೋಗ್ಬೇಕಿತ್ತು. ಜಾಡಿ ಮೂಸೋ ಸರದಿ ನನ್ನದು. ನನಗೆ ನೆಗಡಿ, ಮೂಗು ಗೋಡೆ ಥರ ಕಟ್ಟಿತ್ತು. ಹೇಳಿದ್ರೆ ಸರದಿ ಬೇರೆಯವರಿಗೆ ಹೋಗುತ್ತೆ. ನಾನು ಆಗಷ್ಟೇ ಮೂಸೋ ಕೆಲಸಕ್ಕೆ ಏರಿದ್ದೆ, ಬಿಡೋಕೆ ಮನಸ್ಸಿರಲಿಲ್ಲ. ಮುಚ್ಚಳ ತೆಗೆದೆ, ಮೂಗಿಟ್ಟೆ, ಏನೂ ವಾಸನೆ ಇಲ್ಲ. ಇಪ್ಪತ್ತಕ್ಕೆ ಇಪ್ಪತ್ತೂ ಸರಿ ಅಂದೆ."

"ಆಮೇಲೆ?"

"ಹನ್ನೊಂದು ಗಂಟೆಗೆ ಶಾಲೆಯಿಂದ ಫೋನು. ಮಗನಿಗೆ ಜ್ವರ. ನಾನು ಹೊರಟೆ. ಮೂಟೆ ಬಾಯಿ ಹೊಲಿದೋಳು ನನ್ನ ಜೊತೆ ಆರಿಸ್ತಿದ್ದ ಅಲ್ಬರ್ಟೀನಾ. ಆಗ ನಮ್ಮಲ್ಲಿ ಒಂದು ಪದ್ಧತಿ ಇತ್ತು ನೋಡು, ಮೂಟೆ ಬಾಯಿ ಹೊಲಿಯೋಳು ತನ್ನ ನಂಬರಿನ ಚೀಟಿ ಒಳಗೆ ಹಾಕ್ಬೇಕು. ಮೂಸಿದೋಳಲ್ಲ, ಹೊಲಿದೋಳು. ದಿನಾ ಎರಡೂ ಮಾಡ್ತಿದ್ದೋಳು ಒಬ್ಬಳೇ, ಅದಕ್ಕೆ ಯಾರೂ ಯೋಚನೆ ಮಾಡಿರಲಿಲ್ಲ. ಅವಳ ಚೀಟಿ ಏಳನೇ ನಂಬರು."

ವೈನಿನವರು ಬಾಟಲಿಗೆ ಹೊಡೆಯುವ ಮುಂಚೆ ತಾವೂ ನೆನೆಹಾಕಿ ಮೂಸಿ ನೋಡುತ್ತಾರೆ. ಹನ್ನೊಂದೂ ಮೂಟೆ ಅದೇ ಲಾರಿಯಲ್ಲಿ ಹಿಂದೆ ಬಂದವು. ಹೊರಾಸಿಯೊನ ಅಪ್ಪ ಅರ್ಮಿಂಡೊ ಮೂಟೆ ಬಿಚ್ಚಿದ, ಚೀಟಿ ಎತ್ತಿದ, ಏಳು. ಅಲ್ಬರ್ಟೀನಾಳನ್ನು ಎಲ್ಲರೆದುರು ನಿಲ್ಲಿಸಿದ. ನಾನು ಬಾಯಿ ಹೊಲಿದದ್ದಷ್ಟೆ, ಮೂಸಿದ್ದು ದಿಯೊಲಿಂಡಾ ಎಂದಳು ಅವಳು. ಅರ್ಮಿಂಡೊ ದಿಯೊಲಿಂಡಾಳ ಕಡೆ ತಿರುಗಿ ಹೌದಾ ಎಂದು ಕೇಳಿದ.

"ನಾನು ನೆನಪಿಲ್ಲ ಅಂದೆ," ಎಂದಳು ದಿಯೊಲಿಂಡಾ. "ಇಲ್ಲ ಅನ್ನೋದಕ್ಕೂ ಧೈರ್ಯ ಬೇಕು ನೋಡು. ಅದೂ ಇರಲಿಲ್ಲ. ನೆನಪಿಲ್ಲ ಅಂದೆ."

ಅಲ್ಬರ್ಟೀನಾಳನ್ನು ಮಾರನೇ ದಿನವೇ ಆರಿಸುವ ಮೇಜಿನಿಂದ ಎಬ್ಬಿಸಿ ತೊಳೆಯುವ ಕಡೆ ಹಾಕಿದರು. ತಿಂಗಳೊಳಗೆ ಅವಳೇ ಬಿಟ್ಟು ಹೋದಳು. ಮೂಗಿಲ್ಲದವಳು ಎಂಬ ಹೆಸರು ಮಾತ್ರ ಅವಳ ಹಿಂದೆಯೇ ಹೋಯಿತು. ಬೇರೆ ಯಾವ ಕಾರ್ಖಾನೆಯೂ ಕರೆಯಲಿಲ್ಲ. ಈಗ ಇಗರ್ಜಿಯ ಪಕ್ಕ ಬಟ್ಟೆ ಸರಿಮಾಡುವ ಅಂಗಡಿ ಇಟ್ಟಿದ್ದಾಳೆ. ಇಪ್ಪತ್ತಾರು ವರ್ಷದಿಂದ ಇಬ್ಬರೂ ಒಂದೇ ಬೀದಿಯಲ್ಲಿ ಓಡಾಡುತ್ತಾರೆ. ಮಾತಿಲ್ಲ.

"ಸುಮ್ಮನಿರೋದು ಒಂದು," ಎಂದಳು ದಿಯೊಲಿಂಡಾ. "ಸುಮ್ಮನಿದ್ದು ಅಭ್ಯಾಸ ಆಗೋಗಿತ್ತು. ಆದ್ರೆ ಒಂದು ಬೂಚೂ ವಾಪಸ್ ಬಂದಿಲ್ಲ ಅಂತ ನನ್ನ ಕೈ ಫೋಟೊ ಕೆಳಗೆ ಬರೆದು ಊರಿಗೆಲ್ಲ ತೋರಿಸೋದು ಇದೆಯಲ್ಲ, ಅದು ಅವಳನ್ನ ಇನ್ನೊಂದ್ಸಲ ಎಬ್ಬಿಸಿ ನಿಲ್ಲಿಸಿದ ಹಾಗೆ. ಅವಳೂ ಓದ್ತಾಳೆ, ಎಲ್ಲರೂ ಓದ್ತಾರೆ ಆ ಪುಟ. ಬರಿ ಮಗಾ. ಆ ಲಾಟು ನನ್ನದು ಅಂತ ಬರಿ. ಅವಳ ಹೆಸರು ಹಾಕಿ ಬರಿ. ನೀನು ಬರೆದ್ರೆ ಬರೆದ ಹಾಗಿರುತ್ತೆ."

ನೇಲಿಯೊನ ಬನ್ನು ತಣ್ಣಗಾಗಿತ್ತು. ತೊಳೆಯುವ ಕಡೆ ಒಬ್ಬಳನ್ನು ಹೀಗೆ ದಬ್ಬಿದವರ ಮೇಲೆ, ಹೃದಯ ಎಂದು ಬರೆದ ಪೋರ್ಟೊದವಳ ಮೇಲೆ, ನೆನಪಿಲ್ಲ ಎಂದ ಇವಳ ಮೇಲೂ ಅವನಿಗೆ ಸಿಟ್ಟು ಬಂತು. ಒಂಬತ್ತನೇ ತರಗತಿಯಲ್ಲಿ ಅವನು ಒಡೆಯದ ಕಿಟಕಿಗೆ ಅವನನ್ನು ಹೊರಗೆ ನಿಲ್ಲಿಸಿದ್ದರು. ಒಡೆದವನು ಒಳಗೆ ಕೂತು ಪಾಠ ಕೇಳುತ್ತಿದ್ದ. ಆ ಸಿಟ್ಟಿನಲ್ಲೇ, ಲಾರಿ ಬರುವುದಕ್ಕೆ ಮುಂಚಿನ ಅರ್ಧ ಗಂಟೆಯಲ್ಲಿ, ಹೆಬ್ಬೆರಳು ನೋಯುವಷ್ಟು ಒತ್ತಿ ಬರೆದ. ಬಿಳಿ ಸೋಪು ಬಂತು, ರೇಡಿಯೊ ಬಂತು, ನೆಗಡಿ ಬಂತು, ಏಳನೇ ನಂಬರಿನ ಚೀಟಿ ಬಂತು, ಅಲ್ಬರ್ಟೀನಾ ಎಂಬ ಹೆಸರು ಬಂತು. ಪುಟದ ಕೀಲಿ ಅವನ ಫೋನಿನಲ್ಲೇ ಇತ್ತು. ಒಂದು ಸಲ ಒತ್ತಿದ್ದರೆ ಊರು ಓದುತ್ತಿತ್ತು. ಅವನು ಒತ್ತಲಿಲ್ಲ, ಹೊರಾಸಿಯೊನ ಮುಖ ನೋಡಿಕೊಂಡೇ ಒತ್ತಬೇಕೆಂಬ ಹಟ ಇತ್ತು.

ಹೊರಾಸಿಯೊ ಕಚೇರಿಯಲ್ಲಿ ಕನ್ನಡಕ ಹಣೆಗೇರಿಸಿ ಓದಿದ. ಎರಡು ಸಲ ಓದಿದ.

"ಇದೇನೋ ಇದು?"

"ಪರಿಚಯ."

"ಪರಿಚಯ ಅಂದ್ರೆ ಪರಿಚಯ ಮಾಡ್ಕೊಡೋದು. ನೀನು ಪಾಪನಿವೇದನೆ ಮಾಡಿಸಿದೀಯ. ಬೈರಾದಾದವರು ಈಗಲೂ ನಮ್ಮ ಗಿರಾಕಿ, ಗೊತ್ತಾ?"

"ಅವರಿಗೆ ಅವತ್ತೇ ಗೊತ್ತಿತ್ತು ಬೂಚು ಕೆಟ್ಟದ್ದು ಅಂತ, ಅವರೇ ತಾನೆ ವಾಪಸ್ ಕಳಿಸಿದ್ದು. ಗೊತ್ತಿಲ್ಲದೇ ಇರೋದು ಊರಿಗೆ."

"ನಮ್ಮಪ್ಪ ಸತ್ತು ಆರು ವರ್ಷ ಆಯ್ತು. ಈಗ ಅವರನ್ನ ಅನ್ಯಾಯಗಾರ ಮಾಡ್ಬೇಕಾ?"

"ಒಂದು ಬೂಚೂ ವಾಪಸ್ ಬಂದಿಲ್ಲ ಅಂತ ಬರೆಸಿದೋರು ನೀವು. ಅವತ್ತು ಲಾರಿಯಿಂದ ಮೂಟೆ ಇಳಿಸೋವಾಗ ನೀವೆಲ್ಲಿದ್ರಿ? ನಿಮಗೂ ನೆನಪಿಲ್ವಾ?"

ಹೊರಾಸಿಯೊ ಕನ್ನಡಕ ಕೆಳಗಿಳಿಸಿದ. ಬೈಯುತ್ತಾನೆಂದು ನೇಲಿಯೊ ಕಾದ. ಬೈಯಲಿಲ್ಲ. ಅವನು ಬಾಗಿಲ ಕಡೆ ನೋಡಿದ. ದಿಯೊಲಿಂಡಾ ಅಲ್ಲಿ ಬಂದು ನಿಂತಿದ್ದಳು.

"ಅವನನ್ನ ಬೈಬೇಡಿ, ಸೆನ್ಯೋರ್ ಹೊರಾಸಿಯೊ. ಬರಿ ಅಂದೋಳು ನಾನು. ಅದಿಲ್ದೆ ನನ್ನ ಹೆಸರು ಹಾಕೋದಾದ್ರೆ ಹಾಕ್ಲೇಬೇಡಿ."

"ಮೂಟೆ ಇಳಿಸಿದೋನು ನಾನೇ," ಎಂದ ಹೊರಾಸಿಯೊ, ಯಾರಿಗೂ ಅಲ್ಲದಂತೆ. "ಇಪ್ಪತ್ತೈದು ವಯಸ್ಸು. ಅಪ್ಪನ ಮುಂದೆ ಬಾಯಿ ಬಿಡೋ ಧೈರ್ಯ ಯಾರಿಗಿತ್ತು." ಆಮೇಲೆ ಫೋನನ್ನು ಮೇಜಿನ ಮೇಲೆ ಜಾರಿಸಿ ನೇಲಿಯೊನ ಮುಂದೆ ತಳ್ಳಿದ. "ಒಂದು ಕೇಳ್ತೀನಿ. ಇದರಲ್ಲಿ ಅಲ್ಬರ್ಟೀನಾ ಹೆಸರು ನಾಲ್ಕು ಸಲ ಇದೆ. ಅವಳನ್ನ ಕೇಳಿದೀರಾ?"

ನೇಲಿಯೊ ದಿಯೊಲಿಂಡಾಳ ಕಡೆ ನೋಡಿದ, ಅವಳು ನೇಲಿಯೊನ ಕಡೆ.

"ಜೆಫೆರೀನೊ ಬಗ್ಗೆ ಬರೆದಾಗ ನೀನು ಅವನಿಗೆ ಮೊದಲೇ ಓದಿ ಹೇಳಿದ್ದೆ ತಾನೆ? ಅಲ್ಬರ್ಟೀನಾ ಇವತ್ತು ನಮ್ಮ ಆಳಲ್ಲ ಅಂತ ಅವಳನ್ನ ಕೇಳದೆ ಊರ ಮುಂದೆ ಎಳ್ಕೊಂಡು ಬರೋಕಾಗಲ್ಲ. ಅವಳು ಹೂಂ ಅಂದ್ರೆ ಹಾಕು. ಹೂಂ ಅಂದ್ರೆ ನಾನೂ ಬೇಡ ಅನ್ನಲ್ಲ. ಹೋಗಿ ಕೇಳು."

ಜಾರಿಕೊಳ್ಳುವ ದಾರಿ ಹುಡುಕುತ್ತಿದ್ದಾನೆ ಎಂದು ನೇಲಿಯೊಗೆ ಮೊದಲು ಅನಿಸಿತು. ಮೆಟ್ಟಿಲಿಳಿಯುವಾಗ, ಹೇಳಿದ ಮಾತು ಸರಿಯಾಗಿಯೇ ಇದೆ ಎಂದು ತಿಳಿದು ಇನ್ನೂ ಸಿಟ್ಟು ಬಂತು.

ದಿಯೊಲಿಂಡಾ ಅಂಗಳದಲ್ಲಿ ನಿಂತುಬಿಟ್ಟಳು. "ಹಾಕಿದ್ರೆ ಅವಳೇ ಓದ್ಕೋತಾಳೆ ಅಂದ್ಕೊಂಡಿದ್ದೆ."

"ಅಂದ್ರೆ ಎದುರಿಗೆ ಹೋಗಿ ಹೇಳೋದು ತಪ್ಪುತ್ತೆ ಅಂತ."

"ನಾಲಿಗೆ ಉದ್ದ ಆಯ್ತು ನಿನಗೆ." ಏಪ್ರನ್ನಿನ ಗಂಟು ಬಿಚ್ಚುತ್ತ ಹೇಳಿದಳು, "ಹೌದು. ತಪ್ಪುತ್ತೆ ಅಂತಲೇ. ನಡಿ."

ಅಲ್ಬರ್ಟೀನಾಳ ಅಂಗಡಿ ಒಂದು ಬಾಗಿಲಷ್ಟೇ ಅಗಲ. ಒಳಗೆ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಜಿಪ್ಪು ಹಾಕಿಸಲು ಬಂದ ಕೋಟುಗಳು, ಒಂದೊಂದಕ್ಕೂ ಹೆಸರು ಬರೆದು ಪಿನ್ನು ಚುಚ್ಚಿದ ಕಾಗದ. ಅರವತ್ತೆರಡರ ಹೆಂಗಸು. ಬೆನ್ನು ನೆಟ್ಟಗೆ, ಕೊರಳಲ್ಲಿ ಅಳತೆ ಟೇಪು. ಒಬ್ಬಳು ಗಿರಾಕಿ ಪರದೆಯ ಬಟ್ಟೆ ಹಿಡಿದು ಮುಂದೆ ನಿಂತಿದ್ದಳು. ಬಂದವರನ್ನು ನೋಡಿ ಅಲ್ಬರ್ಟೀನಾ ಪರದೆಯ ಅಳತೆಯನ್ನು ಎರಡು ಸಲ ತೆಗೆದಳು. ಗಿರಾಕಿ ಹೋದ ಮೇಲೆ ನೇಲಿಯೊನನ್ನು ಮಾತ್ರ ನೋಡಿ ಕೇಳಿದಳು.

"ಏನಪ್ಪ, ಪ್ಯಾಂಟು ಮಡಿಚ್ಬೇಕಾ?"

"ಇಲ್ಲ ದೋನಾ ಅಲ್ಬರ್ಟೀನಾ. ಒಂದು ಓದಿ ಹೇಳ್ಬೇಕು."

"ಆ ಪುಟಕ್ಕೆ ಬರೆಯೋ ಹುಡುಗ ನೀನೇನಾ? ಜೆಫೆರೀನೊ ಬಗ್ಗೆ ಬರೆದದ್ದು ಓದ್ದೆ. ನೀನು ಹೇಳಿದ್ದಕ್ಕಿಂತ ಸಿಡುಕ ಅವನು. ಕೊಡು, ನಾನೇ ಓದ್ಕೋತೀನಿ, ಕಣ್ಣಿದೆ."

ಅವಳು ಓದಿದಳು. ದಿಯೊಲಿಂಡಾ ಕೋಟುಗಳ ಪಕ್ಕ ನಿಂತು ಬ್ಯಾಗಿನ ಹಿಡಿಯನ್ನು ಎರಡು ಕೈಯಲ್ಲೂ ಹಿಡಿದಿದ್ದಳು. ಓದಿ ಮುಗಿದರೂ ಅಲ್ಬರ್ಟೀನಾ ಫೋನು ಹಿಂದೆ ಕೊಡಲಿಲ್ಲ.

"ಅಲ್ಬರ್ಟೀನಾ," ಎಂದಳು ದಿಯೊಲಿಂಡಾ, "ಅವತ್ತು ಮೂಸಿದೋಳು ನಾನು. ನನಗೆ ನೆನಪಿತ್ತು. ಕೇಳಿದಾಗಲೂ ನೆನಪಿತ್ತು."

"ನನಗೆ ಗೊತ್ತು. ನೀನು ಹೇಳ್ಬೇಕಾಗಿತ್ತು ಅಷ್ಟೆ. ಹೇಳಿದೆ." ಅಲ್ಬರ್ಟೀನಾ ಮತ್ತೆ ನೇಲಿಯೊನ ಕಡೆ ತಿರುಗಿದಳು. "ಚೆನ್ನಾಗಿ ಬರೀತೀಯಪ್ಪ. ಅದೇ ತೊಂದರೆ. ಇದನ್ನ ಹಾಕಿದ್ರೆ ಏನಾಗುತ್ತೆ ಗೊತ್ತಾ? ಕೆಳಗೆ ಎಲ್ಲರೂ ಬರೀತಾರೆ, ಆಹಾ ಎಂಥ ಪ್ರಾಮಾಣಿಕ ಹೆಂಗಸು ದಿಯೊಲಿಂಡಾ, ಎಂಥ ದೊಡ್ಡ ಮನಸ್ಸು. ಕೆಂಪು ಹೃದಯ ಹಾಕ್ತಾರೆ ಸಾಲಾಗಿ. ನಾನು ಇದರಲ್ಲಿ ಯಾರು? ಅಯ್ಯೋ ಪಾಪ. ಅವಳ ಕಥೆಯಲ್ಲಿ ಬಂದು ಹೋಗೋ ಅಯ್ಯೋ ಪಾಪ."

ನೇಲಿಯೊ ತಾನು ಬರೆದದ್ದನ್ನು ಮನಸ್ಸಿನಲ್ಲೇ ಓದಿಕೊಂಡ. ದಿಯೊಲಿಂಡಾಗೆ ಸೋಪಿತ್ತು, ರೇಡಿಯೊ ಇತ್ತು, ಗಂಡನ ಸೆಂಟಿತ್ತು. ಅಲ್ಬರ್ಟೀನಾಗೆ ಇದ್ದದ್ದು ಒಂದು ನಂಬರು.

"ಹಾಗಾದ್ರೆ ಹಾಕಲ್ಲ," ಎಂದ.

"ಹಾಕ್ಬೇಡ ಅಂದ್ನಾ? ನಾನೂ ಅಲ್ಲಿ ದುಡಿದೋಳೇ. ನನಗೊಂದು ಶುಕ್ರವಾರ ಇಲ್ವಾ?"

ದಿಯೊಲಿಂಡಾ ತಲೆಯೆತ್ತಿದಳು.

"ಮೊದಲು ನನ್ನದು ಹಾಕು," ಎಂದಳು ಅಲ್ಬರ್ಟೀನಾ. "ಈ ವಾರ ನಂದು, ಮುಂದಿನ ವಾರ ಅವಳದು. ನಂದ್ರಲ್ಲಿ ಏನಾಯ್ತೋ ಅದಿರ್ಲಿ, ಇವಳ ಹೆಸರೂ ಇರ್ಲಿ. ಇವಳದ್ರಲ್ಲಿ ನನ್ನ ಹೆಸರು ಬೇಡ. ಒಂದು ಲಾಟು ವಾಪಸ್ ಬಂತು, ತಪ್ಪು ನಂದು ಅಂತ ಒಂದೇ ಸಾಲು ಬರ್ಕೊಳ್ಳಲಿ. ಆಗುತ್ತೇನೇ?"

ಇಪ್ಪತ್ತಾರು ವರ್ಷದ ಮೇಲೆ ದಿಯೊಲಿಂಡಾಳನ್ನು ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಆಗುತ್ತೆ," ಎಂದಳು ದಿಯೊಲಿಂಡಾ.

"ಹಾಗಾದ್ರೆ ಹೋಗು ನೀನು. ಹುಡುಗ ಇರ್ಲಿ. ನಾನು ಇವನ ಜೊತೆ ಮಾತಾಡ್ಬೇಕು, ನೀನಿದ್ರೆ ಆಗಲ್ಲ."

ದಿಯೊಲಿಂಡಾ ಹೋದಳು. ಅಲ್ಬರ್ಟೀನಾ ಸ್ಟೂಲು ಎಳೆದು ಕೊಟ್ಟಳು. ನೇಲಿಯೊ ಈ ಸಲ ಏನನ್ನೂ ತಾನಾಗಿ ತುಂಬಿಸದೆ ಕೇಳಿದ. ಯಾವ ಮೇಜು? ಬಾಗಿಲ ಪಕ್ಕದ್ದು, ಚಳಿಗಾಲದಲ್ಲಿ ಕಾಲಿಗೆ ಖಾಲಿ ಗೋಣಿ ಸುತ್ತಿಕೊಂಡು ಕೂರುತ್ತಿದ್ದಳು. ಬೂಚನ್ನು ಎರಡೆರಡು ಎತ್ತುತ್ತಿದ್ದಳು, ಎರಡೂ ಕೈಯಲ್ಲಿ. ಹಾಗೆ ಆರಿಸುತ್ತಿದ್ದವಳು ಅವಳೊಬ್ಬಳೇ. ಎಡಗೈ ಬಲಗೈಗಿಂತ ಕಟ್ಟುನಿಟ್ಟು, ಸಣ್ಣ ಬಿರುಕಿದ್ದರೂ ಕೆಳಗಿನ ದರ್ಜೆಗೆ ಎಸೆಯುತ್ತಿತ್ತು. ಒಂದೇ ಮರದ ಬೂಚು ಎರಡು ಕೈಗೆ ಎರಡು ದರ್ಜೆ. ಹೊಸದಾಗಿ ಬಂದವರಿಗೆ ಹುಳ ಕೊರೆದ ತೂತನ್ನೂ ಮರದ್ದೇ ತೂತನ್ನೂ ಬೇರೆ ಮಾಡಿ ತೋರಿಸಿಕೊಡುತ್ತಿದ್ದಳು. ತೋರಿಸಿಕೊಟ್ಟವರಲ್ಲಿ ದಿಯೊಲಿಂಡಾ ಒಬ್ಬಳು.

"ಅದನ್ನೂ ಬರೀಲಾ?"

"ಬರಿ. ನಿಜ ತಾನೆ?"

"ಬಿಟ್ಟ ಮೇಲೆ ಏನು ಬೇಜಾರಾಗಿದ್ದು?"

ಅವಳು ಕೊರಳ ಟೇಪನ್ನು ಬೆರಳಿಗೆ ಸುತ್ತಿದಳು. "ಮೂಗಿಲ್ಲ ಅಂದ್ರಲ್ಲ, ಅದಕ್ಕೆ ಒಂದು ವರ್ಷ ಸಾರಿಗೆ ಉಪ್ಪು ಹಾಕೋವಾಗ, ಹಾಲು ಕಾಯಿಸೋವಾಗ, ನಂಗೇ ಅನುಮಾನ. ಹಾಲು ಒಡೆದಿದೆಯೋ ಇಲ್ವೋ ಅಂತ ಮಗಳನ್ನ ಕರೆದು ಮೂಸಿಸ್ತಿದ್ದೆ. ಇದು ಬರೀಬೇಡ."

ಅವನು ಅದನ್ನು ಬರೆಯಲಿಲ್ಲ. ಫೋಟೊ ಎಂದಾಗ ಅವಳು ಟೇಪು ತೆಗೆದಿಟ್ಟು ಮುಖವನ್ನೇ ಕೊಟ್ಟಳು, ಕೈ ಅಲ್ಲ. "ನನ್ನ ಮುಖ ಆ ಕಡೆಯವರು ನೋಡಿ ಬಹಳ ದಿನ ಆಯ್ತು," ಎಂದಳು.

ಗುರುವಾರ ಬರೆದು ಮುಗಿಸಿ ಮೊದಲು ಅವಳಿಗೆ ಓದಿಸಿದ. ಅವಳು ಒಂದು ಕಡೆ "ಅನ್ಯಾಯ" ಎಂಬ ಪದ ಹೊಡೆದು ಹಾಕಿಸಿದಳು. ಏನಾಯಿತೆಂದು ಬರೆದಿದ್ದೀಯಲ್ಲ, ಓದುವವರಿಗೆ ಬುದ್ಧಿ ಇದೆ ಎಂದಳು. ಅದು ಬರೆಯುವಾಗ ನೇಲಿಯೊಗೆ ಅತಿ ಇಷ್ಟವಾದ ಪದವಾಗಿತ್ತು. ಹಲ್ಲು ಕಚ್ಚಿ ತೆಗೆದ. ತೆಗೆದ ಮೇಲೆ ವಾಕ್ಯ ಇನ್ನೂ ಗಟ್ಟಿಯಾಗಿ ನಿಂತಿತು. ಆಮೇಲೆ ದಿಯೊಲಿಂಡಾಗೆ ಓದಿಸಿದ, ತಲೆಯಾಡಿಸಿದಳು. ಕೊನೆಗೆ ಕಚೇರಿಗೆ ಹೋದ.

ಹೊರಾಸಿಯೊ ಒಂದು ಸಾಲಿನ ಮೇಲೆ ಬೆರಳಿಟ್ಟ. "ಆಗಿನ ಯಜಮಾನರು ಚೀಟಿ ನೋಡಿದರು, ಮಾತು ಕೇಳಲಿಲ್ಲ," ಎಂದು ಅಲ್ಲಿತ್ತು.

"ಇದನ್ನ ಬದಲಾಯಿಸ್ಬೇಕು."

"ಬದಲಾಯಿಸಲ್ಲ," ಎಂದ ನೇಲಿಯೊ. "ಬೇಕಾದ್ರೆ ಫೋರ್ಕ್‌ಲಿಫ್ಟಿನ ಕೀಲಿ ಇಟ್ಟು ಹೋಗ್ತೀನಿ."

"ಮೊದಲು ಕೇಳೋ ಮೂರ್ಖ. ಯಜಮಾನರು ಅಂದ್ರೆ ಯಾರು? ಓದೋನಿಗೆ ನಾನೋ ಅಪ್ಪನೋ ಗೊತ್ತಾಗಲ್ಲ. ನನ್ನ ತಂದೆ ಅರ್ಮಿಂಡೊ ಅಂತ ಹಾಕು. ನಾನು ಮೂಟೆ ಇಳಿಸ್ತಾ ಅಲ್ಲೇ ಇದ್ದೆ ಅಂತಲೂ ಹಾಕು. ಕೆಳಗೆ ನನ್ನ ಹೆಸರು ಬರಿ, ಇಲ್ದಿದ್ರೆ ನಿನ್ನ ತಂದೆ ಅಂದ್ಕೋತಾರೆ."

ನೇಲಿಯೊ ಬಾಯಿ ಮುಚ್ಚಿ ಬರೆದ.

ಶುಕ್ರವಾರ ಮಧ್ಯಾಹ್ನ ಪುಟದಲ್ಲಿ ಅಲ್ಬರ್ಟೀನಾಳ ಮುಖ ಬಂತು. "ಅಲ್ಬರ್ಟೀನಾ ಹದಿನೈದು ವರ್ಷ ನಮ್ಮಲ್ಲಿ ಬೂಚು ಆರಿಸಿದಳು, ಎರಡು ಕೈಯಲ್ಲಿ, ಎಡಗೈ ಹೆಚ್ಚು ಕಟ್ಟುನಿಟ್ಟು," ಎಂದು ಶುರುವಾಗಿ, ಮಧ್ಯದಲ್ಲಿ ಹನ್ನೊಂದು ಮೂಟೆಯ ಮಾತನ್ನು ಐದು ವಾಕ್ಯದಲ್ಲಿ ಹೇಳಿ, "ಈಗ ಇಗರ್ಜಿಯ ಪಕ್ಕ ಕೋಟಿಗೆ ಜಿಪ್ಪು ಹಾಕುತ್ತಾಳೆ, ಸೋಮವಾರ ರಜೆ," ಎಂದು ಮುಗಿದಿತ್ತು. ಮೊದಲ ಒಂದು ಗಂಟೆ ಯಾರೂ ಏನೂ ಬರೆಯಲಿಲ್ಲ. ಊರು ಓದುತ್ತಿದೆ, ಏನು ಹೇಳಬೇಕೆಂದು ತಿಳಿಯುತ್ತಿಲ್ಲ ಎಂದು ನೇಲಿಯೊಗೆ ಗೊತ್ತಾಗುತ್ತಿತ್ತು. ಆಮೇಲೆ ಮೊದಲ ಉತ್ತರ ಬಂತು. ಫೇಸ್‌ಬುಕ್ಕಿನಲ್ಲಿ ಅದುವರೆಗೆ ಒಂದಕ್ಷರ ಬರೆಯದವಳದು.

"ಇದು ನಿಜ. ದಿಯೊಲಿಂಡಾ."

ಅದರ ಕೆಳಗೆ ಒಬ್ಬೊಬ್ಬರಾಗಿ ಬಂದರು. ಫ್ರಾನ್ಸಿಗೆ ಹೋಗಿ ನೆಲೆಸಿದ ಹಳೆಯ ಕೆಲಸದವಳೊಬ್ಬಳು ಬರೆದಳು: "ಹುಳದ ತೂತು ಗುರುತಿಸೋದು ನನಗೂ ಕಲಿಸಿದೋಳು ಇವಳೇ. ಅವತ್ತು ನಾನೂ ಅಲ್ಲಿದ್ದೆ, ನಾನೂ ಸುಮ್ಮನಿದ್ದೆ." ಯಾರೋ ಜಿಪ್ಪಿನ ಬೆಲೆ ಕೇಳಿದರು. ಅಲ್ಬರ್ಟೀನಾ ಆ ಒಬ್ಬರಿಗೆ ಮಾತ್ರ ಉತ್ತರ ಕೊಟ್ಟಳು.

ಮುಂದಿನ ಶುಕ್ರವಾರ ದಿಯೊಲಿಂಡಾಳ ಕೈ ಬಂತು. ಬಿಳಿ ಸೋಪು, ಮೊಣಕಾಲು, ಮಾತಾಡುವ ರೇಡಿಯೊ ಬಂದ್ ಮಾಡುವುದು, ಎಲ್ಲ ಇದ್ದವು. ಕೊನೆಯಲ್ಲಿ, ಮಾತಾಗಿದ್ದಂತೆ, ಒಂದೇ ಸಾಲು: "ಒಂದು ಲಾಟು ಹಿಂದೆ ಬಂದಿತ್ತು, ತಪ್ಪು ನನ್ನದು." ಅಲ್ಬರ್ಟೀನಾ ಹೇಳಿದ್ದ ಹಾಗೆಯೇ ಕೆಲವರು ಪ್ರಾಮಾಣಿಕ ಹೆಂಗಸು ಎಂದರು. ಆದರೆ ಹೆಚ್ಚಿನವರು ಹಿಂದಿನ ವಾರದ್ದನ್ನು ಓದಿದ್ದರು. ಅಷ್ಟು ಸುಲಭಕ್ಕೆ ಹೃದಯ ಹಾಕಲಿಲ್ಲ.

ಸೋಮವಾರ ಬೆಳಗ್ಗೆ ನೇಲಿಯೊ ಬೂಚಿನ ಮೂಟೆ ಇಳಿಸಲು ಆರಿಸುವ ಕೋಣೆಗೆ ಬಂದಾಗ ದಿಯೊಲಿಂಡಾ ತಲೆಯೆತ್ತದೆ ಕೇಳಿದಳು.

"ಅವಳೇನಾದ್ರೂ ಬರೆದಳಾ, ನಂದರ ಕೆಳಗೆ?"

"ಇಲ್ಲ."

"ಬರೀಬೇಕಂತ ಏನಿಲ್ಲ." ಬೂಚು ಬುಟ್ಟಿಗೆ ಹಾರಿತು. "ನಿನ್ನೆ ಇಗರ್ಜಿ ಬಾಗಿಲಲ್ಲಿ ಎದುರಾದಳು. ಮೊಣಕಾಲಿಗೆ ಏನು ಹಚ್ತೀಯ ಅಂದಳು. ಏನೂ ಇಲ್ಲ ಅಂದೆ. ಕರ್ಪೂರದೆಣ್ಣೆ ಹಚ್ಚು ಅಂದಳು. ಮೂಸೋ ದಿನ ಹೇಗೆ ಹಚ್ಚೋದು ಅಂದೆ."

"ಅದಕ್ಕೇನಂದ್ರು?"

"ಶನಿವಾರ ರಾತ್ರಿ ಹಚ್ಚಿ ಭಾನುವಾರ ತೊಳ್ಕೊ, ಅಷ್ಟೂ ಗೊತ್ತಾಗಲ್ವಾ ನಿಂಗೆ ಅಂತ ಬೈದು ಒಳಗೆ ಹೋದಳು." ಒಂದು ಬೂಚನ್ನು ಬೆಳಕಿಗೆ ಹಿಡಿದು ಎರಡು ಸಲ ಉರುಳಿಸಿ ಕೆಳಗಿನ ದರ್ಜೆಯ ಬುಟ್ಟಿಗೆ ಹಾಕಿದಳು. "ಮೂಟೆ ಅಲ್ಲಿಡಬೇಡ, ಕಾಲಿಗೆ ಸಿಗುತ್ತೆ. ಆ ಕಡೆ ಇಡು."